ತೋಟದ ಮೆಸೇಜಿಗೆ ಎಷ್ಟು ಇಂಗ್ಲಿಷ್ ಹಾಕಬೇಕು?

ಜನವರಿ ಕೊನೆಯ ಒಂದು ಮಧ್ಯಾಹ್ನ. ಆಗ ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಣದ ತುಂಬ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು, ಹರಡಿತ್ತು. ಎರಡು ಗಂಟೆಯ ಹೊತ್ತಿಗೆ ಮೋಡ ಕಟ್ಟಿತು. ಸಾವ್ಕಾರ್ರು ಊರಲ್ಲಿ ಇರಲಿಲ್ಲ. ನಾನೇ ತೋಟದ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ:

> ಟುಡೇ ಈವ್ನಿಂಗ್ ರೇನ್ ಚಾನ್ಸ್ ಇದೆ. ಬಿಫೋರ್ 4 ಯಾರ್ಡ್ ಕ್ಲಿಯರ್ ಮಾಡಿ. ಟುಮಾರೋ ಲೋಡ್ ಹೋಲ್ಡ್. ಪ್ಲೀಸ್ ಕನ್ಫರ್ಮ್.

ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಕೂಡಲೇ "ಓಕೆ ಸಾರ್" ಅಂತ ಹಾಕಿದರು. ನನಗೂ ಸಮಾಧಾನ. ನಾಲ್ಕೂವರೆಗೆ ಹೋಗಿ ನೋಡಿದರೆ ಕಣ ಗುಡಿಸಿ ಬಿಟ್ಟಹಾಗೆ ಖಾಲಿ. ಅಷ್ಟೂ ಚೆರಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಗೋಡೌನಿನಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಪಾಪ, ಆರು ಜನ ಊಟದ ಹೊತ್ತೂ ಬಿಟ್ಟು ಮಾಡಿದ ಕೆಲಸ. ಅದಷ್ಟೇ ಅಲ್ಲ, ಕುಶಾಲನಗರದಿಂದ ಬರಬೇಕಿದ್ದ ಲಾರಿಯವರಿಗೂ ಫೋನ್ ಮಾಡಿ, "ಗಾಡಿ ಬೇರೆ ಕಡೆ ಕಳಿಸಬೇಡಿ, ಹಿಡಿದಿಟ್ಟುಕೊಳ್ಳಿ" ಅಂದಿದ್ದರು. ಹೋಲ್ಡ್ ಅಂದರೆ ಹಿಡಿದಿಟ್ಟುಕೊಳ್ಳೋದು ತಾನೇ?

ನಾನು ಹೇಳಬೇಕು ಅಂದುಕೊಂಡಿದ್ದೇ ಬೇರೆ. ಚೆರಿಯನ್ನು ಗುಡ್ಡೆ ಹಾಕಿ ಟಾರ್ಪಾಲ್ ಮುಚ್ಚಬೇಕಿತ್ತು. ನಾಳೆಯ ಲೋಡ್ ಬೇಡ ಅಂತ ಲಾರಿಯವರಿಗೆ ತಿಳಿಸಬೇಕಿತ್ತು. ಆ ಚೆರಿ ಇನ್ನೂ ಒಣಗಿರಲಿಲ್ಲ, ಬೆಳಿಗ್ಗೆ ತೇವ ಅಳೆಯುವ ಮೀಟರ್ 16 ತೋರಿಸಿತ್ತು. ರೋಬಸ್ಟಾ ಚೆರಿಯ ತೇವವನ್ನು ಶೇಕಡಾ 11ಕ್ಕೆ ಇಳಿಸಿ ಆಮೇಲೆ ಚೀಲ ಕಟ್ಟಬೇಕು ಅನ್ನುವುದು ಕಾಫಿ ಬೋರ್ಡ್ ಹೇಳುವ ಲೆಕ್ಕ. ಅದಕ್ಕಿಂತ ಹಸಿ ಇದ್ದದ್ದನ್ನು ಚೀಲದಲ್ಲಿ ಕಟ್ಟಿ ಪೇರಿಸಿದರೆ ಒಳಗೇ ಬಿಸಿಯಾಗಿ ಮುಗ್ಗಲು ಹಿಡಿಯುತ್ತದೆ. ಮಾರನೇ ಬೆಳಿಗ್ಗೆ ಚೀಲಗಳ ನಡುವೆ ಕೈ ಹಾಕಿದರೆ ಬೆಚ್ಚಗಿತ್ತು. ಹೊಲಿಗೆ ಬಿಚ್ಚಿ ಮತ್ತೆ ಕಣಕ್ಕೆ ಸುರಿದು ಹರಡಿದೆವು. ಲಾರಿಯವರಿಗೆ ಒಂದು ದಿನ ಗಾಡಿ ನಿಲ್ಲಿಸಿದ್ದಕ್ಕೆ ಹಾಲ್ಟಿಂಗ್ ದುಡ್ಡು ಕೊಟ್ಟೆವು. ಮಳೆ ಮಾತ್ರ ಬರಲೇ ಇಲ್ಲ, ಅದು ಬೇರೆ ಕತೆ.

ರೈಟರ್ ಮೇಲೆ ಕೋಪ ಮಾಡಿಕೊಳ್ಳುವ ಹಾಗಿರಲಿಲ್ಲ. ನಾನು ಬರೆದದ್ದನ್ನು ಅವರು ಚಾಚೂ ತಪ್ಪದೆ ಮಾಡಿದ್ದರು. ಅವತ್ತಿನಿಂದ ಕೆಲಸದ ಮೆಸೇಜಿನಲ್ಲಿ ಇಂಗ್ಲಿಷ್ ಎಷ್ಟು ಇರಬೇಕು, ಎಲ್ಲಿ ಇರಬೇಕು ಅನ್ನುವುದನ್ನು ಗಮನಿಸುತ್ತಾ ಬಂದಿದ್ದೇನೆ. ಅದೇ ಮೆಸೇಜನ್ನು ಬೇರೆ ಬೇರೆ ಥರ ಬರೆದು ಪಕ್ಕ ಪಕ್ಕ ಇಟ್ಟು ನೋಡೋಣ.

ಇಂಗ್ಲಿಷನ್ನು ಪೂರ್ತಿ ತೆಗೆದರೆ?

ಏಟು ತಿಂದವರು ಮೊದಲು ಮಾಡುವುದು ಇದನ್ನೇ. ನಾನೂ ಮಾಡಿದೆ. ಇಂಗ್ಲಿಷ್ ಒಂದೂ ಬೇಡ ಅಂತ ಕೂತರೆ ಮೆಸೇಜ್ ಹೀಗಾಗುತ್ತದೆ:

> ಇಂದು ಸಾಯಂಕಾಲ ಮಳೆಯ ಸಂಭವವಿರುವುದರಿಂದ ಒಣಗುಕಣದಲ್ಲಿನ ಕಾಫಿ ಫಲವನ್ನು ರಾಶಿ ಮಾಡಿ ಜಲನಿರೋಧಕ ಹೊದಿಕೆಯಿಂದ ಆವರಿಸತಕ್ಕದ್ದು. ನಾಳಿನ ಸರಕು ರವಾನೆಯನ್ನು ಸ್ಥಗಿತಗೊಳಿಸಲಾಗಿದೆ.

ತಪ್ಪು ಹುಡುಕಿದರೆ ಸಿಗುವುದಿಲ್ಲ. ಆದರೆ ಜಲನಿರೋಧಕ ಹೊದಿಕೆ ಅಂತ ನಮ್ಮ ಕಡೆ ಯಾರೂ ಬಾಯಲ್ಲಿ ಹೇಳುವುದಿಲ್ಲ. ಕಾಫಿ ಫಲ ಅಂದರೆ ಹಸಿ ಹಣ್ಣೋ, ಒಣಗಿದ ಚೆರಿಯೋ, ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿದು ಬಂದ ಪಾರ್ಚ್‌ಮೆಂಟೋ? ತೋಟದಲ್ಲಿ ಈ ಮೂರೂ ಬೇರೆ ಬೇರೆ ವಸ್ತು. ಬೆಲೆ ಬೇರೆ, ಒಣಗಿಸುವ ಕ್ರಮ ಬೇರೆ. ಚೆರಿ ಅನ್ನುವ ಇಂಗ್ಲಿಷ್ ಶಬ್ದ ಒಂದೇ ಏಟಿಗೆ ಹೇಳುವುದನ್ನು ಫಲ ಅನ್ನುವ ಶಬ್ದ ಹೇಳುವುದಿಲ್ಲ. ಅಂದರೆ ಇಲ್ಲಿ ಇಂಗ್ಲಿಷ್ ತೆಗೆದದ್ದರಿಂದಲೇ ಮೆಸೇಜ್ ಮಸುಕಾಯಿತು.

ಕೊಡಗಿನಲ್ಲಿ ಇದಕ್ಕೆ ಇನ್ನೂ ಒಂದು ಕಾರಣ ಇದೆ. ನಮ್ಮ ಗ್ರೂಪನ್ನೇ ನೋಡಿ. ರೈಟರ್ ಮನೆಯಲ್ಲಿ ಅರೆಭಾಷೆ, ಸಾವ್ಕಾರ್ರ ಮನೆಯಲ್ಲಿ ಕೊಡವ ತಕ್ಕ್, ಲಾರಿ ಡ್ರೈವರ್ ಮನೆಯಲ್ಲಿ ಮಲಯಾಳ, ಮೇಸ್ತ್ರಿ ಮನೆಯಲ್ಲಿ ತುಳು. ಕನ್ನಡ ನಮಗೆಲ್ಲ ನಡುವಿನ ಭಾಷೆ. ಶಾಲೆಯಲ್ಲಿ ಓದಿದ್ದು, ಸಂತೆಯಲ್ಲಿ ಮಾತಾಡಿದ್ದು, ಬಸ್ಸಿನ ಬೋರ್ಡಿನಲ್ಲಿ ನೋಡಿದ್ದು. ಅಂಥವರಿಗೆ ಸ್ಥಗಿತಗೊಳಿಸಲಾಗಿದೆ ಅನ್ನುವುದೂ ಪೋಸ್ಟ್‌ಪೋನ್ಡ್ ಅನ್ನುವುದೂ ಹೆಚ್ಚು ಕಡಿಮೆ ಒಂದೇ ದೂರದಲ್ಲಿ ನಿಲ್ಲುತ್ತವೆ. ಹತ್ತಿರ ಇರುವುದು "ನಾಳೆ ಲೋಡ್ ಇಲ್ಲ".

ಕೆಲಸಕ್ಕೆ ಬಂದ ಬರವಣಿಗೆ

> ಇವತ್ತು ಸಂಜೆ ಮಳೆ ಬರಬಹುದು. ಕಣದಲ್ಲಿರುವ ರೋಬಸ್ಟಾ ಚೆರಿಯನ್ನು 4 ಗಂಟೆಯೊಳಗೆ ಗುಡ್ಡೆ ಹಾಕಿ ಟಾರ್ಪಾಲ್ ಮುಚ್ಚಿ. ಚೀಲಕ್ಕೆ ತುಂಬಬೇಡಿ, ಇನ್ನೂ ಒಣಗಿಲ್ಲ. ನಾಳೆ ಲೋಡ್ ಇಲ್ಲ, ಲಾರಿಯವರಿಗೆ ನಾನೇ ಹೇಳುತ್ತೇನೆ. ಮುಚ್ಚಿದ ಮೇಲೆ ಒಂದು ಫೋಟೋ ಹಾಕಿ.

ಇದರಲ್ಲಿ ಇಂಗ್ಲಿಷ್ ಕಮ್ಮಿಯೇನಿಲ್ಲ. ರೋಬಸ್ಟಾ, ಚೆರಿ, ಟಾರ್ಪಾಲ್, ಲೋಡ್, ಲಾರಿ, ಫೋಟೋ. ಆರು ಶಬ್ದ. ಅವೆಲ್ಲ ಎಲ್ಲಿವೆ ನೋಡಿ. ಎಲ್ಲವೂ ವಸ್ತುವಿನ ಅಥವಾ ಕೆಲಸದ ಹೆಸರು. ಏನು ಮಾಡಬೇಕು, ಏನು ಮಾಡಬಾರದು, ಯಾವಾಗ, ಯಾರು ಅನ್ನುವುದೆಲ್ಲ ಕನ್ನಡದಲ್ಲಿದೆ. ಗುಡ್ಡೆ ಹಾಕಿ. ಮುಚ್ಚಿ. ತುಂಬಬೇಡಿ. ನಾನೇ ಹೇಳುತ್ತೇನೆ.

ಮೊದಲಿನ ಮೆಸೇಜಿನಲ್ಲಿ ಇದು ತಲೆಕೆಳಗಾಗಿತ್ತು. ಕ್ಲಿಯರ್, ಹೋಲ್ಡ್, ಕನ್ಫರ್ಮ್. ಮಾಡಬೇಕಾದ ಮೂರು ಕೆಲಸವೂ ಇಂಗ್ಲಿಷಿನಲ್ಲಿ. ಯಾರ್ಡ್, ಲೋಡ್ ಅನ್ನುವ ಶಬ್ದಗಳು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಅದಕ್ಕೇ ಶೇಕಡಾ ಇಷ್ಟು ಇಂಗ್ಲಿಷ್ ಇರಲಿ ಅಂತ ಅಳತೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಹೆಸರಿನ ಜಾಗದಲ್ಲಿ ಹತ್ತು ಇಂಗ್ಲಿಷ್ ಶಬ್ದ ಇದ್ದರೂ ನಡೆಯುತ್ತದೆ. ಕೆಲಸ ಹೇಳುವ ಜಾಗದಲ್ಲಿ ಒಂದೇ ಒಂದು ಎಡವಟ್ಟು ಶಬ್ದ ಬಂದರೂ ಲೋಡ್ ಕೆಡುತ್ತದೆ.

ಹಾಗಂತ ಇಂಗ್ಲಿಷ್ ಶಬ್ದಕ್ಕೆ "ಮಾಡಿ" ಸೇರಿಸಿದ್ದೆಲ್ಲ ಕೆಟ್ಟದ್ದಲ್ಲ. ಫೋನ್ ಮಾಡಿ, ಲೋಡ್ ಮಾಡಿ, ಚೆಕ್ ಮಾಡಿ. ಇವುಗಳಲ್ಲಿ ಗೊಂದಲ ಇಲ್ಲ, ಕೈಗೆ ಬರುವ ಕೆಲಸ ಒಂದೇ. ಅನುಮಾನ ಪಡಬೇಕಾದ್ದು ಬೇರೆ ಗುಂಪನ್ನು. ಕ್ಲಿಯರ್ ಮಾಡಿ, ಅಡ್ಜಸ್ಟ್ ಮಾಡಿ, ಮ್ಯಾನೇಜ್ ಮಾಡಿ, ಫಾಲೋಅಪ್ ಮಾಡಿ, ಅಪ್‌ಡೇಟ್ ಮಾಡಿ. ಬಿಲ್ ಕ್ಲಿಯರ್ ಮಾಡಿ ಅಂದರೆ ದುಡ್ಡು ಕೊಡುವುದು. ಕಣ ಕ್ಲಿಯರ್ ಮಾಡಿ ಅಂದರೆ ಖಾಲಿ ಮಾಡುವುದೂ ಆಗಬಹುದು, ಗುಡಿಸುವುದೂ ಆಗಬಹುದು. ಡೌಟ್ ಕ್ಲಿಯರ್ ಮಾಡಿ ಅಂದರೆ ಬಾಯಲ್ಲಿ ಹೇಳುವುದು. ಬರೆಯುವವರ ತಲೆಯಲ್ಲಿ ಅರ್ಥ ಒಂದೇ ಇರುತ್ತದೆ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ. ಕಳಿಸುವ ಮೊದಲು "ಅಂದ್ರೆ ಏನ್ ಮಾಡ್ಬೇಕು?" ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಅದಕ್ಕೆ ನೀವು ಕೊಡುವ ಉತ್ತರದಲ್ಲಿ ಬರುವ ಕ್ರಿಯಾಪದವನ್ನೇ ಮೆಸೇಜಿನಲ್ಲಿ ಹಾಕಿ. ಅಡ್ಜಸ್ಟ್ ಮಾಡಿ ಅಂದರೆ ಏನು ಮಾಡಬೇಕು? "ಈ ವಾರದ ಮುಂಗಡವನ್ನು ಸಂಬಳದಲ್ಲಿ ಹಿಡಿದುಕೊಳ್ಳಿ." ಹಾಗಾದರೆ ಅದನ್ನೇ ಬರೆಯಬಹುದಲ್ವಾ.

ಹೊತ್ತು, ಬೇಡ, ಅಂತೆ

ಕನ್ನಡಕ್ಕೆ ಬಿಡಲೇಬೇಕಾದ ಮೂರು ಜಾಗ ಇವೆ. ಇವು ಸಣ್ಣ ಸಣ್ಣ ಪ್ರತ್ಯಯದ ವಿಷಯ, ಆದರೆ ದುಡ್ಡು ಹೋಗುವುದು ಇಲ್ಲೇ.

ಮೊದಲನೆಯದು ಗಡುವು. "ಟಿಲ್ ಮಂಡೇ ಕುಯ್ಲು" ಅಂತ ಒಬ್ಬರು ಬರೆದರು. ಸೋಮವಾರದವರೆಗೂ ಕುಯ್ಯುತ್ತಾ ಇರಬೇಕಾ, ಸೋಮವಾರದೊಳಗೆ ಮುಗಿಸಬೇಕಾ? ಬರೆದವರಿಗೆ ಬೇಕಿದ್ದದ್ದು ಮುಗಿಸುವುದು, ಟಿಲ್ ಅನ್ನುವುದು ಹೇಳುವುದು ಮುಂದುವರಿಸುವುದನ್ನು. ನಮ್ಮಲ್ಲಿ ಅನೇಕರು ಬೈ ಮತ್ತು ಟಿಲ್ ಎರಡನ್ನೂ ಒಂದೇ ಥರ ಬಳಸುತ್ತೇವೆ. ಕನ್ನಡದಲ್ಲಿ ಆ ಗೊಂದಲ ಹುಟ್ಟುವುದೇ ಇಲ್ಲ. "ಒಳಗೆ" ಅಂದರೆ ಮುಗಿಸಿ, "ವರೆಗೆ" ಅಂದರೆ ಮುಂದುವರಿಸಿ. ಚಿಕ್ಕ ಮಗು ಕೂಡ ಇದನ್ನು ತಪ್ಪುವುದಿಲ್ಲ. ಆದರೂ ಒಂದು ಎಚ್ಚರ ಬೇಕು. "ಸೋಮವಾರದೊಳಗೆ" ಅಂದಾಗ ಸೋಮವಾರವೂ ಸೇರಿತೋ, ಭಾನುವಾರಕ್ಕೇ ಮುಗಿಯಬೇಕೋ ಅನ್ನುವ ಸಂಶಯ ಉಳಿಯುತ್ತದೆ. "ಸೋಮವಾರ ಸಂಜೆ 5 ಗಂಟೆಯೊಳಗೆ" ಅಂತ ಗಂಟೆ ಸೇರಿಸಿದರೆ ಆ ಸಂಶಯವೂ ಹೋಯಿತು. ನೆಕ್ಸ್ಟ್ ಫ್ರೈಡೇ ಅನ್ನುವುದನ್ನಂತೂ ನಾನು ಪೂರ್ತಿ ಬಿಟ್ಟಿದ್ದೇನೆ. ಬರುವ ಶುಕ್ರವಾರ ಅಂದರೂ ಸಾಲದು, ತಾರೀಕು ಹಾಕುತ್ತೇನೆ.

ಎರಡನೆಯದು ಇಲ್ಲ, ಬೇಡ. ಇಲ್ಲಿ ಕನ್ನಡ ಎಷ್ಟು ಕಟ್ಟುನಿಟ್ಟು ಅಂತ ನೋಡಿ. ತುಂಬಬೇಡಿ ಅಂದರೆ ಈಗ ಮಾಡಬೇಡಿ. ತುಂಬಬಾರದು ಅಂದರೆ ಅದು ನಿಯಮ, ಯಾವತ್ತೂ ಮಾಡುವಂತಿಲ್ಲ. ತುಂಬಬೇಕಾಗಿಲ್ಲ ಅಂದರೆ ಮಾಡಿದರೂ ಅಡ್ಡಿ ಇಲ್ಲ, ಆದರೆ ಅಗತ್ಯ ಇಲ್ಲ. "ಪ್ಯಾಕಿಂಗ್ ನಾಟ್ ರಿಕ್ವೈರ್ಡ್" ಅಂತ ಬರೆದರೆ ಈ ಮೂರರಲ್ಲಿ ಯಾವುದು? ಓದುವವರು ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತಾರೆ.

ಆದರೆ ಕನ್ನಡದಲ್ಲೂ ಒಂದು ಗುಂಡಿ ಇದೆ. "ಲೋಡ್ ಮಾಡಿಲ್ಲ" ಮತ್ತು "ಲೋಡ್ ಮಾಡಲ್ಲ". ಒಂದು ಗುಡಿಸು ಮಾತ್ರ ವ್ಯತ್ಯಾಸ. ಮೊದಲನೆಯದು ಇನ್ನೂ ಆಗಿಲ್ಲ ಅನ್ನುವ ಸುದ್ದಿ, ಎರಡನೆಯದು ಮಾಡುವುದಿಲ್ಲ ಅನ್ನುವ ನಿರಾಕರಣೆ. ಮೊಬೈಲಿನಲ್ಲಿ ಬೆರಳು ಜಾರಿದರೆ ಸಾಕು, ಡ್ರೈವರ್ ಸಾವ್ಕಾರ್ರಿಗೆ ಎದುರುತ್ತರ ಕೊಟ್ಟ ಹಾಗಾಗುತ್ತದೆ. "ಇನ್ನೂ ಮಾಡಿಲ್ಲ" ಅಂತ ಇನ್ನೂ ಸೇರಿಸಿ ಬರೆದರೆ ಗುಡಿಸು ತಪ್ಪಿದರೂ ಅರ್ಥ ಉಳಿಯುತ್ತದೆ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಅಂತೆ. "ಲಾರಿ ನಾಳೆ ಬೆಳಿಗ್ಗೆ ಬರುತ್ತದೆ" ಅಂದರೆ ನಾನು ಹೊಣೆ. "ಬರುತ್ತದಂತೆ" ಅಂದರೆ ಯಾರೋ ಹೇಳಿದ್ದನ್ನು ನಾನು ದಾಟಿಸುತ್ತಿದ್ದೇನೆ. ಆಫೀಸಿನ ಮೆಸೇಜಿನಲ್ಲಿ ಅಂತೆ ಹಾಕಬಾರದು, ಅದು ಹಳ್ಳಿ ಕಟ್ಟೆಯ ಮಾತು ಅಂತ ಕೆಲವರು ಅಂದುಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಹನ್ನೆರಡು ಜನ ಆಳುಗಳನ್ನು ಲೋಡಿಂಗಿಗೆ ನಿಲ್ಲಿಸಬೇಕಾ, ಕುಯ್ಲಿಗೆ ಕಳಿಸಬೇಕಾ ಅನ್ನುವುದನ್ನು ರೈಟರ್ ತೀರ್ಮಾನ ಮಾಡುವುದು ಇದೇ ಒಂದು ಪ್ರತ್ಯಯದ ಮೇಲೆ. "ಲಾರಿ ಟುಮಾರೋ ಮಾರ್ನಿಂಗ್" ಅಂತ ಬರೆದ ಕೂಡಲೇ ಆ ಸುಳಿವು ಅಳಿಸಿಹೋಗುತ್ತದೆ. ಇನ್ನೂ ಒಳ್ಳೆಯದು, ಯಾರು ಹೇಳಿದ್ದು ಅಂತ ಸೇರಿಸುವುದು. "ಲಾರಿ 9ಕ್ಕೆ ಬರುತ್ತದಂತೆ, ಡ್ರೈವರ್ ಹೇಳಿದ್ದು. ಹೊರಟ ಮೇಲೆ ಮತ್ತೆ ಹಾಕುತ್ತೇನೆ."

ಯಾವ ಶಬ್ದ ನಮ್ಮದಾಗಿದೆ ಅಂತ ತಿಳಿಯುವುದು ಹೇಗೆ

ಹೆಸರುಗಳು ಇಂಗ್ಲಿಷಿನಲ್ಲಿ ಇರಬಹುದು ಅಂದೆ. ಎಲ್ಲವೂ ಅಲ್ಲ. ಡೆಡ್‌ಲೈನ್ ಕೂಡ ಹೆಸರೇ, ಡಿಸ್ಪ್ಯಾಚ್ ಕೂಡ ಹೆಸರೇ. ಇಲ್ಲಿ ನಾನು ಒಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಶಬ್ದಕ್ಕೆ ವಿಭಕ್ತಿ ಹಚ್ಚಿ ಜೋರಾಗಿ ಓದಿ.

ಬಿಲ್ಲನ್ನು, ಲಾರಿಗೆ, ಆಫೀಸಿನಲ್ಲಿ, ಲೋಡಿನ, ಗೋಡೌನಿನಿಂದ. ಸಲೀಸಾಗಿ ಬಂತಲ್ವಾ? ಇವು ನಮ್ಮ ಬಾಯಲ್ಲಿ ಉರುಳಿ ಉರುಳಿ ನುಣ್ಣಗಾಗಿವೆ. ಈಗ ಡೆಡ್‌ಲೈನಿನೊಳಗೆ, ಡಿಸ್ಪ್ಯಾಚಿನ, ಅವೈಲಬಿಲಿಟಿಯನ್ನು ಅಂತ ಓದಿ. ನಾಲಿಗೆ ಎಡವುತ್ತದೆ. ಎಡವಿದ ಶಬ್ದಕ್ಕೆ ಕನ್ನಡ ಹುಡುಕಿ. ಡೆಡ್‌ಲೈನ್ ಬದಲು ಕೊನೇ ದಿನ, ಡಿಸ್ಪ್ಯಾಚ್ ಆಗಿದೆ ಬದಲು ಲಾರಿ ಹೊರಟಿದೆ, ಅವೈಲಬಿಲಿಟಿ ಬದಲು ಎಷ್ಟು ಇದೆ. ಮೂರೂ ಮೂಲಕ್ಕಿಂತ ಸಲೀಸಾಗಿಯೇ ಬಂದವು.

ಪರೀಕ್ಷೆ ನೂರಕ್ಕೆ ನೂರು ಸರಿ ಅಲ್ಲ. ಮಾಯಿಶ್ಚರ್ ಅನ್ನುವುದು ಈ ಪರೀಕ್ಷೆಯಲ್ಲಿ ಸ್ವಲ್ಪ ತಡವರಿಸುತ್ತದೆ. ಆದರೂ ತೋಟದಲ್ಲಿ ಎಲ್ಲರೂ ಅನ್ನುವುದು ಅದನ್ನೇ. ತೇವಾಂಶ ಅಂದರೆ ರೇಡಿಯೋದಲ್ಲಿ ಕೃಷಿ ಕಾರ್ಯಕ್ರಮ ಕೇಳುವವರಿಗೆ ಗೊತ್ತು, ಮೀಟರ್ ಹಿಡಿಯುವ ಹುಡುಗನಿಗೆ ಮಾಯಿಶ್ಚರ್. ಅಂಥ ಕಡೆ ಬಾಯಿ ಗೆಲ್ಲಬೇಕು, ನಿಯಮ ಅಲ್ಲ. ಔಟ್‌ಟರ್ನ್ ಅನ್ನುವುದೂ ಹಾಗೇ. 50 ಕೆಜಿ ಚೆರಿ ಚೀಲದಿಂದ ಎಷ್ಟು ಕೆಜಿ ಬೀಜ ಇಳಿಯುತ್ತದೆ ಅನ್ನುವುದಕ್ಕೆ ವ್ಯಾಪಾರದಲ್ಲಿ ಇರುವ ಶಬ್ದ ಅದೊಂದೇ. ಅದನ್ನು ಇಳುವರಿ ಅಂತ ಬದಲಿಸಿದರೆ ಎಕರೆಗೆ ಬಂದ ಫಸಲು ಅಂತ ಓದಿಕೊಳ್ಳುತ್ತಾರೆ. ವ್ಯಾಪಾರ ಕೆಡುತ್ತದೆ.

ಇನ್ನು ಶುದ್ಧ ಕನ್ನಡ ಅನ್ನುವವರಿಗೆ ಒಂದು ಮಾತು. ತೋಟದ ಲೆಕ್ಕದ ಪುಸ್ತಕ ತೆರೆದರೆ ಜಮಾ, ಖರ್ಚು, ಬಾಕಿ, ರಸೀದಿ, ಹಾಜರಿ. ಇವೆಲ್ಲ ಪಾರಸಿ, ಅರಬ್ಬಿಯಿಂದ ಬಂದವು. ಮೇಸ್ತ್ರಿ ಬಂದದ್ದು ಪೋರ್ಚುಗೀಸಿನಿಂದ. ಯಾರೂ ಮೇಸ್ತ್ರಿಯನ್ನು ಹೊರಗೆ ಕಳಿಸಿ ಅಂತ ಹೇಳಿದ್ದು ನಾನು ಕೇಳಿಲ್ಲ. ಹಾಗೆಯೇ ಬ್ಯಾಲೆನ್ಸ್ ಅಂತ ಬರೆಯುವ ಕಡೆ ಬಾಕಿ ಅಂತ, ಅಟೆಂಡೆನ್ಸ್ ಅನ್ನುವ ಕಡೆ ಹಾಜರಿ ಅಂತ ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ, ನಾಲ್ಕು ಅಕ್ಷರವೂ ಉಳಿಯುತ್ತದೆ.

ಬ್ಯಾಗ್ ಅನ್ನುವ ಶಬ್ದದ ಬಗ್ಗೆ ಮಾತ್ರ ಹುಷಾರಾಗಿರಿ. ಕುಯ್ಲಿನ ಹೊತ್ತಿನಲ್ಲಿ ಹಸಿ ಹಣ್ಣು ತುಂಬಿದ್ದೂ ಬ್ಯಾಗೇ, ಒಣಗಿಸಿ ತೂಗಿ ಹೊಲಿದದ್ದೂ ಬ್ಯಾಗೇ. "120 ಬ್ಯಾಗ್ ರೆಡಿ" ಅಂದರೆ ಲಾರಿಯವರಿಗೆ ತೂಕ ಗೊತ್ತಾಗುವುದಿಲ್ಲ. "50 ಕೆಜಿಯ ಚೆರಿ ಚೀಲ 120, ಒಟ್ಟು 6 ಟನ್" ಅಂತ ಬರೆದರೆ ಯಾವ ಗಾಡಿ ಕಳಿಸಬೇಕು ಅಂತ ಅವರೇ ನೋಡಿಕೊಳ್ಳುತ್ತಾರೆ. ಚೀಲ ಅಂದರೂ ತೂಕ ಬರೆಯದಿದ್ದರೆ ಅದೇ ಗೋಳು. ಇದು ಭಾಷೆಯ ತಪ್ಪಲ್ಲ.

ಯಾರಿಗೆ ಬರೆಯುತ್ತಿದ್ದೀರಿ

ಇಷ್ಟು ಹೊತ್ತು ಹೇಳಿದ್ದು ರೈಟರ್, ಮೇಸ್ತ್ರಿ, ಡ್ರೈವರ್ ಇರುವ ಗ್ರೂಪಿನ ಮಾತು. ಬೇರೆಯವರಿಗೆ ಬರೆಯುವಾಗ ಅಳತೆ ಸ್ವಲ್ಪ ಬದಲಾಗುತ್ತದೆ, ಜಾಸ್ತಿ ಅಲ್ಲ.

ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಮಾಡುವ ಕ್ಯೂರಿಂಗ್ ವರ್ಕ್ಸಿನವರಿಗೆ, ವ್ಯಾಪಾರಿಗಳಿಗೆ ಬರೆಯುವಾಗ ಹೆಸರುಗಳ ಕಡೆ ಇಂಗ್ಲಿಷ್ ಹೆಚ್ಚಾಗುತ್ತದೆ. ಲಾಟ್ ನಂಬರ್, ಸ್ಯಾಂಪಲ್, ಔಟ್‌ಟರ್ನ್, ಮಾಯಿಶ್ಚರ್, ವೇಬ್ರಿಡ್ಜ್ ಚೀಟಿ. ಇವನ್ನು ಕನ್ನಡಕ್ಕೆ ತರಲು ಹೋಗಬೇಡಿ. ಆದರೆ ಒಪ್ಪಿದ್ದೇನೆ, ಒಪ್ಪಿಲ್ಲ, ನಿಮ್ಮ ಎದುರು ತೂಗಬೇಕು ಅನ್ನುವುದೆಲ್ಲ ಇಲ್ಲೂ ಕನ್ನಡದಲ್ಲೇ ಇರಲಿ. "ರೇಟ್ ಓಕೆ, ಸಬ್ಜೆಕ್ಟ್ ಟು ಔಟ್‌ಟರ್ನ್" ಅನ್ನುವುದಕ್ಕಿಂತ "ರೇಟ್ ಒಪ್ಪಿದ್ದೇನೆ. ಆದರೆ ಔಟ್‌ಟರ್ನ್ ನೋಡಿದ ಮೇಲೆ ಕೊನೇ ಮಾತು" ಅನ್ನುವುದು ಜಗಳ ತಪ್ಪಿಸುತ್ತದೆ. ಷರತ್ತನ್ನು ಬೇರೆ ವಾಕ್ಯವಾಗಿ ಬರೆಯಿರಿ, ಬಾಲಕ್ಕೆ ಕಟ್ಟಬೇಡಿ.

ಬ್ಯಾಂಕಿಗೆ, ಆಡಿಟರಿಗೆ ಆದರೆ ನಾನು ಕಸರತ್ತು ಮಾಡುವುದಿಲ್ಲ. ಅವರ ಪೇಪರೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ. ಅದರಲ್ಲಿ ಇರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಾಗೇ ಬರೆದು ವಾಕ್ಯ ಕನ್ನಡದಲ್ಲಿ ಮುಗಿಸಿದರೆ ಸಾಕು. ಇಂಗ್ಲಿಷೇ ಸಲೀಸು ಅನಿಸಿದರೆ ಪೂರ್ತಿ ಇಂಗ್ಲಿಷಿನಲ್ಲಿ ಬರೆಯಿರಿ. ಅರ್ಧರ್ಧ ಬೇಡ.

ತಾಲ್ಲೂಕು ಕಚೇರಿಗೆ ಹೋಗುವ ಪತ್ರ ಇದಕ್ಕೆ ಉಲ್ಟಾ. ಮಾತಿನಲ್ಲಿ ಎಲ್ಲರೂ ಆರ್‌ಟಿಸಿ ಅನ್ನುತ್ತೇವೆ, ಕಾಗದದಲ್ಲಿ ಪಹಣಿ. ಅಪ್ಲಿಕೇಶನ್ ಅಲ್ಲ, ಅರ್ಜಿ. ಕಾಪಿ ಅಲ್ಲ, ನಕಲು. ಅಕ್ನಾಲೆಜ್‌ಮೆಂಟ್ ಅಲ್ಲ, ಸ್ವೀಕೃತಿ. ಇಲ್ಲಿ ಕನ್ನಡ ಶಬ್ದವೇ ಚಾಲ್ತಿಯಲ್ಲಿರುವ ಹೆಸರು. ಕಡತದಲ್ಲಿ ಹುಡುಕುವ ಗುಮಾಸ್ತರು ಹುಡುಕುವುದೂ ಅದನ್ನೇ. ಅಂದರೆ ಇಲ್ಲೂ ನಿಯಮ ಅದೇ, ಓದುವವರು ಯಾವ ಹೆಸರು ಬಳಸುತ್ತಾರೋ ಅದು.

ಅಸ್ಸಾಮಿನಿಂದ ಕೆಲಸಕ್ಕೆ ಬಂದವರು ನಮ್ಮ ಲೈನ್ ಮನೆಯಲ್ಲೂ ಇದ್ದರು. ಅವರಿಗೆ ಯಾವ ಅಳತೆಯ ಬರವಣಿಗೆಯೂ ಉಪಯೋಗವಿಲ್ಲ. ಮೇಸ್ತ್ರಿ ಹತ್ತಿರ ಹೇಳಿಸಬೇಕು, ಇಲ್ಲ ವಾಯ್ಸ್ ಮೆಸೇಜ್. ಹೇಳಿಸಲು ಅನುಕೂಲ ಆಗಬೇಕಾದರೆ ಮೇಸ್ತ್ರಿಗೆ ಹೋಗುವ ಮೆಸೇಜ್ ಒಂದು ವಾಕ್ಯಕ್ಕೆ ಒಂದು ಕೆಲಸ ಅನ್ನುವ ಹಾಗೆ ಇರಬೇಕು.

ಮರ್ಯಾದೆ ಎಲ್ಲಿದೆ

ಇಂಗ್ಲಿಷ್ ಸೇರಿಸಿದರೆ ಮೆಸೇಜ್ ಗಂಭೀರ ಅನಿಸುತ್ತದೆ ಅಂತ ಬರೆಯುವವರಿದ್ದಾರೆ. ಕೈಂಡ್ಲಿ, ಪ್ಲೀಸ್, ಅರ್ಜೆಂಟ್. ಪ್ಲೀಸ್ ಎಂಬುದು ಕನ್ನಡಕ್ಕೆ ಬಂದು ವಿಚಿತ್ರವಾಗಿದೆ. ಮೇಲಿನವರು ಕೆಳಗಿನವರಿಗೆ "ಪ್ಲೀಸ್ ಬೇಗ ಕಳಿಸಿ" ಅಂದರೆ ಅಸಹನೆ ಕೇಳಿಸುತ್ತದೆ. ಕೆಳಗಿನವರು ಮೇಲಿನವರಿಗೆ ಅಂದರೆ ಅಂಗಲಾಚಿದ ಹಾಗೆ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲಿ ಇರುತ್ತದೆ. ಕಳಿಸು, ಕಳಿಸಿ, ಕಳಿಸಿಕೊಡಿ, ಕಳಿಸಿಕೊಡ್ತೀರಾ. ನಾಲ್ಕು ಮೆಟ್ಟಿಲು, ಒಂದಕ್ಕೂ ಪ್ಲೀಸ್ ಬೇಕಿಲ್ಲ. ಗ್ರೂಪಿಗೆ "ಕಳಿಸಿ" ಸಾಕು. ವ್ಯಾಪಾರಿಗಳಿಂದ ಹಣ ಬರಬೇಕಾದರೆ "ಬಾಕಿ ಹಣವನ್ನು 15ನೇ ತಾರೀಕಿನೊಳಗೆ ಕಳಿಸಿಕೊಡಿ" ಅಂದರೆ ಮೆತ್ತಗೂ ಇದೆ, ಗಟ್ಟಿಯಾಗೂ ಇದೆ. ನನಗಿಂತ ದೊಡ್ಡವರಾದ ರೈಟರಿಗೆ "ರೈಟ್ರೇ" ಅಂತ ಶುರು ಮಾಡುತ್ತಿದ್ದೆ. ಮೇಸ್ತ್ರಿಗೆ "ಅಣ್ಣ". ಆ ಒಂದು ಕರೆ ಇದ್ದರೆ ಉಳಿದ ವಾಕ್ಯ ಎಷ್ಟು ನೇರವಾಗಿದ್ದರೂ ಒರಟು ಅನಿಸುವುದಿಲ್ಲ.

ತಪ್ಪು ಒಪ್ಪಿಕೊಳ್ಳುವಾಗಲೂ ಹೀಗೇ. "ಸಾರಿ ಫಾರ್ ದ ಇನ್‌ಕನ್ವೀನಿಯನ್ಸ್" ಬಸ್ ಸ್ಟ್ಯಾಂಡಿನ ಬೋರ್ಡಿನಂತೆ ಕೇಳುತ್ತದೆ. "ಮಿಸ್ಟೇಕ್ ಆಗಿದೆ" ಅಂದರೆ ಯಾರು ಮಾಡಿದ್ದು ಅಂತ ಇಲ್ಲ. ಇಂಗ್ಲಿಷ್ ಶಬ್ದಕ್ಕೆ ಆಗಿದೆ ಸೇರಿಸಿದಾಗ ಮಾಡಿದವರು ಮಾಯವಾಗುವುದು ತುಂಬ ಸುಲಭ. ಪೇಮೆಂಟ್ ಆಗಿದೆ, ಎಂಟ್ರಿ ಆಗಿಲ್ಲ. ಆ ಚೀಲದ ಘಟನೆಯ ಮಾರನೇ ದಿನ ನಾನು ಗ್ರೂಪಿನಲ್ಲಿ "ನಿನ್ನೆ ನಾನು ಸರಿಯಾಗಿ ಬರೆಯಲಿಲ್ಲ, ತಪ್ಪು ನನ್ನದು" ಅಂತ ಹಾಕಿದೆ. ಆರು ಜನರ ಮುಖ ನೋಡಲು ಅದರಿಂದ ಸ್ವಲ್ಪ ಧೈರ್ಯ ಬಂತು.

ಯಾವ ಅಕ್ಷರ

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಗ್ರೂಪಿನಲ್ಲಿ ಅರ್ಧ ಜನ ಇರುತ್ತಾರೆ. ಸುಮ್ನೆ ಹರಟೆಗೆ ಪರವಾಗಿಲ್ಲ, ಲೆಕ್ಕದ ಮಾತಿಗೆ ಬೇಡ. ಬೆಲೆ, ಬೆಳೆ, ಬೇಳೆ ಮೂರೂ ಅಲ್ಲಿ ಒಂದೇ ಥರ ಕಾಣುತ್ತವೆ. ಈ ವರ್ಷ ಬೆಲೆ ಚೆನ್ನಾಗಿದೆ ಅನ್ನುವುದಕ್ಕೂ ಬೆಳೆ ಚೆನ್ನಾಗಿದೆ ಅನ್ನುವುದಕ್ಕೂ ಕಾಫಿ ಊರಲ್ಲಿ ಎಷ್ಟು ವ್ಯತ್ಯಾಸ ಅಂತ ಹೇಳಬೇಕಿಲ್ಲ. ಹಾಲು, ಹಾಳು ಕೂಡ ಹಾಗೇ.

ಇಂಗ್ಲಿಷ್ ಶಬ್ದವನ್ನು ಕನ್ನಡ ಅಕ್ಷರದಲ್ಲಿ ಬರೆಯುವಾಗ ಒಂದೇ ಕಾಗುಣಿತ ಇಟ್ಟುಕೊಳ್ಳಿ. ಪಾರ್ಚ್‌ಮೆಂಟ್, ಪಾರ್ಚಮೆಂಟ್, ಪಾರ್ಚಿಮೆಂಟು ಅಂತ ಮೂರು ಥರ ಬರೆದರೆ ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವಾಗ ಹಳೇ ಮೆಸೇಜ್ ಹುಡುಕಿದರೆ ಸಿಗುವುದಿಲ್ಲ. ನಾವು ಹತ್ತು ಶಬ್ದ ಆರಿಸಿ ರೈಟರ್ ಮೇಜಿನ ಮುಂದೆ ಒಂದು ಚೀಟಿ ಅಂಟಿಸಿದ್ದೆವು. ಅಂಕಿಗಳು ಎಲ್ಲ ಕಡೆ 1, 2, 3.

ಇನ್ನು "ಓಕೆ"

ಆ ದಿನ ರೈಟರ್ ಓಕೆ ಅಂದದ್ದನ್ನು ನಾನು ಅರ್ಥ ಆಯಿತು ಅಂತ ತಿಳಿದುಕೊಂಡೆ. ಅದಕ್ಕೇ ಓಕೆ ಬೇಡ, "ಆಯ್ತು" ಅಂತ ಹಾಕಿ ಅಂತ ಎಲ್ಲರಿಗೂ ಹೇಳಿದೆ. ಒಂದೇ ವಾರದಲ್ಲಿ ಗೊತ್ತಾಯಿತು, ಅದು ಇನ್ನೂ ಕೆಟ್ಟದ್ದು. "ಗೊಬ್ಬರ ಇಳಿಸಿ" ಅಂದರೆ "ಆಯ್ತು ಸಾರ್" ಬರುತ್ತದೆ. ಸರಿ, ಇಳಿಸುತ್ತೇವೆ ಅಂತಲೋ, ಇಳಿಸಿ ಮುಗಿಯಿತು ಅಂತಲೋ? ಕನ್ನಡದ ಆಯ್ತು ಎರಡನ್ನೂ ಹೇಳುತ್ತದೆ. ನಾನು ಇಳಿಸಿಯಾಯಿತು ಅಂದುಕೊಂಡು ಗಾಡಿಯವರಿಗೆ ಬಾಡಿಗೆ ಕಳಿಸಿದೆ, ಗಾಡಿ ಇನ್ನೂ ಗೇಟಿನ ಹೊರಗೆ ನಿಂತಿತ್ತು. ಆಮೇಲೆ ಓಕೆಯನ್ನೇ ವಾಪಸ್ ತಂದೆವು. ಮೆಸೇಜ್ ನೋಡಿದರೆ ಓಕೆ, ಕೆಲಸ ಮುಗಿದರೆ "ಮುಗೀತು" ಮತ್ತು ಒಂದು ಫೋಟೋ.